ಆಸ್ಟ್ರೇಲಿಯಾದಲ್ಲಿ ಪಿಆರ್ ಸಿಕ್ತಾ? ಮೆಡಿಕೇರ್ ಶುರುವಾದ ತಾರೀಕು ಬರೆದಿಟ್ಕೊಳ್ಳಿ
ಹೋದ ತಿಂಗಳು ಇನ್ನೊಬ್ರು ಪರಿಚಯದೋರು ನಾನು ಮಾಡಿದ ತಪ್ಪನ್ನೇ, ಅಂದ್ರೆ ಪ್ರೈವೇಟ್ ಹಾಸ್ಪಿಟಲ್ ಇನ್ಶೂರೆನ್ಸ್ ಸರಿಯಾದ ಟೈಮಿಗೆ ತಗೊಳ್ಳದೇ ಇರೋದನ್ನ, ಮಾಡಿಕೊಂಡು ಬಂದ್ರು, ಅದಕ್ಕೇ ಬರೀತಿದೀನಿ.

ಇಲ್ಲಿ ಪ್ರೈವೇಟ್ ಹೆಲ್ತ್ ಇನ್ಶೂರೆನ್ಸ್ ಕಂಪನಿ ನಿಮಗೆ ಶುಗರ್ ಇದೆ ಅಂತ ಹೆಚ್ಚು ಪ್ರೀಮಿಯಂ ಕೇಳೋ ಹಾಗಿಲ್ಲ. ನಮ್ಮೂರಲ್ಲಿ ವಯಸ್ಸು, ಬಿಪಿ ಎಲ್ಲಾ ನೋಡಿ ರೇಟು ಹೇಳ್ತಾರಲ್ಲ, ಅದಕ್ಕಿಂತ ಇದೇ ನ್ಯಾಯ ಅಂತ ನನ್ನ ಅಭಿಪ್ರಾಯ. ಆದ್ರೆ ಎಲ್ರಿಗೂ ಒಂದೇ ರೇಟು ಅಂದ್ರೆ ಗಟ್ಟಿಮುಟ್ಟಾಗಿರೋರು ಈಗ್ಯಾಕೆ ಅಂತ ಸುಮ್ನಿರ್ತಾರೆ, ಮಂಡಿ ನೋವು ಶುರುವಾದ್ಮೇಲೆ ಸೇರ್ತಾರೆ. ಸೇರಿದೋರೆಲ್ಲ ಖರ್ಚಿರೋರೇ ಆದಾಗ ಪ್ರೀಮಿಯಂ ಏರುತ್ತೆ, ಅದನ್ನ ನೋಡಿ ಉಳಿದ ಆರೋಗ್ಯವಂತರೂ ಬಿಡ್ತಾರೆ. ಅಡ್ವರ್ಸ್ ಸೆಲೆಕ್ಷನ್ ಅನ್ನೋದು ಇದಕ್ಕೇ.

ಇದನ್ನ ತಡೆಯೋಕೆ ಸರ್ಕಾರ 2000ರ ಜುಲೈ 1ರಿಂದ ಲೈಫ್‌ಟೈಮ್ ಹೆಲ್ತ್ ಕವರ್ ಅನ್ನೋ ನಿಯಮ ತಂತು. ತಡವಾಗಿ ಸೇರಿದ್ರೆ 30 ದಾಟಿದ ಪ್ರತಿ ವರ್ಷಕ್ಕೆ ಪ್ರೀಮಿಯಂ ಮೇಲೆ 2% ಲೋಡಿಂಗ್, ಅಂದ್ರೆ ಹೆಚ್ಚುವರಿ ದುಡ್ಡು, ಗರಿಷ್ಠ 70%. 31 ದಾಟಿ ಹೊರದೇಶದಿಂದ ಬಂದೋರಿಗೆ ಸರ್ಕಾರದ ಆರೋಗ್ಯ ಯೋಜನೆಯಾದ ಮೆಡಿಕೇರ್‌ಗೆ ಪೂರ್ತಿ ಸೇರಿದ ದಿನದಿಂದ 12 ತಿಂಗಳು ವಿನಾಯಿತಿ ಇದೆ, ಅಷ್ಟರೊಳಗೆ ಹಾಸ್ಪಿಟಲ್ ಕವರ್, ಅಂದ್ರೆ ಆಸ್ಪತ್ರೆಗೆ ಅಡ್ಮಿಟ್ ಆದಾಗಿನ ಖರ್ಚಿಗೆ ಪ್ರೈವೇಟ್ ಇನ್ಶೂರೆನ್ಸ್, ತಗೊಂಡ್ರೆ ಲೋಡಿಂಗ್ ಇಲ್ಲ.

ನಾನು ಮುಗ್ಗರಿಸಿದ್ದು ಇಲ್ಲೇ. ಟೆಂಪರರಿ ವೀಸಾದಲ್ಲಿದ್ದಾಗ ವಿಸಿಟರ್ ಕವರ್ ಕಟ್ತಾ ಇದ್ದೆ, ಅದೂ ಲೆಕ್ಕಕ್ಕೆ ಬರುತ್ತೆ ಅಂದ್ಕೊಂಡಿದ್ದೆ. ಬರಲ್ಲ! ಪಿಆರ್ ಆಗಿ ಮೆಡಿಕೇರ್ ಬಂದ್ಮೇಲೆ ಅದನ್ನೂ ನಿಲ್ಲಿಸಿ ಎರಡು ವರ್ಷ ಬಿಟ್ಟು ಹೋಗಿ ಕೇಳಿದಾಗ ನನಗೆ 40, ಲೋಡಿಂಗ್ 20%. ನನ್ನ ಪಾಲಿನ ಪ್ರೀಮಿಯಂ ತಿಂಗಳಿಗೆ 150 ಡಾಲರ್, ಅದರ ಮೇಲೆ 30. ಎಡೆಬಿಡದೆ 10 ವರ್ಷ ಕಟ್ಟಿದ್ಮೇಲೇ ಲೋಡಿಂಗ್ ಹೋಗೋದು, ಅಂದ್ರೆ ರೇಟು ಹೀಗೇ ಇದ್ರೂ 3600 ಡಾಲರ್. ನನ್ನ ಪರಿಚಯದೋರು ಬರೀ ಎಕ್ಸ್‌ಟ್ರಾಸ್ ತಗೊಂಡಿದ್ರು, ಹಲ್ಲು ಕನ್ನಡಕಕ್ಕೆ ಸಿಗೋದು, ಅದೂ ಹಾಸ್ಪಿಟಲ್ ಕವರ್ ಅಲ್ಲ.

ಸೇರಿದ ತಕ್ಷಣ ಎಲ್ಲಾ ಸಿಗಲ್ಲ. ಮೊದಲೇ ಇದ್ದ ಕಾಯಿಲೆಗೂ ಹೆರಿಗೆಗೂ 12 ತಿಂಗಳು ಕಾಯ್ಬೇಕು. ಬಸುರಿ ಆದ್ಮೇಲೆ ಸೇರಿದ್ರೆ ಆ ಹೆರಿಗೆಗೆ ಸಿಗಲ್ಲ, ದಯವಿಟ್ಟು ಮೊದಲೇ ಯೋಚಿಸಿ.

ಮಾರಲ್ ಹಜಾರ್ಡ್ ಅನ್ನೋದು ಅಡ್ವರ್ಸ್ ಸೆಲೆಕ್ಷನ್ ಅಲ್ಲ, ಬೇರೆ, ಅದು ಪಾಲಿಸಿ ಕೈಗೆ ಬಂದ್ಮೇಲೆ ನಾವು ಬದಲಾಗೋದು. ಡಿಸೆಂಬರ್ ಬಂದ್ರೆ ಎಕ್ಸ್‌ಟ್ರಾಸ್ ಲಿಮಿಟ್ ಹಾಳಾಗುತ್ತಲ್ಲ ಅಂತ ಬೇಡದ ಕನ್ನಡಕ ಮಾಡಿಸ್ತೀವಿ, ಊರಲ್ಲಿ ಆಸ್ಪತ್ರೆಯೋರು ಇನ್ಶೂರೆನ್ಸ್ ಇದೆಯಾ ಅಂತ ಕೇಳಿ ಬಿಲ್ ಬೆಳೆಸೋದೂ ಅದೇ ಜಾತಿ. ಅದಕ್ಕೆ ಲಗಾಮು ಎಕ್ಸೆಸ್, ಅಡ್ಮಿಟ್ ಆದಾಗ ಮೊದಲ ಮೊತ್ತ ನಮ್ಮ ಕೈಯಿಂದ. 750 ಡಾಲರ್ ಎಕ್ಸೆಸ್ ಇಟ್ಕೊಂಡ್ರೆ ಪ್ರೀಮಿಯಂ ಇಳಿಯುತ್ತೆ, ಅಷ್ಟು ದುಡ್ಡು ಬ್ಯಾಂಕಲ್ಲಿ ಇದ್ದೋರು ಮಾತ್ರ ಹಾಗೆ ಮಾಡಿ.

ಮೆಡಿಕೇರ್ ಶುರುವಾದ ತಾರೀಕಿಗೆ 11 ತಿಂಗಳು ಸೇರಿಸಿ ಇವತ್ತೇ ಫೋನಲ್ಲಿ ರಿಮೈಂಡರ್ ಹಾಕಿ, ತಗೊಳ್ಳೋ ಮುಂಚೆ "ನನಗೆ ಲೋಡಿಂಗ್ ಎಷ್ಟು" ಅಂತ ಕಂಪನಿಯಿಂದ ಬರಹದಲ್ಲಿ ತಗೊಳ್ಳಿ.