ಬಾಯ್ಲರ್ ನೀರಿನ ನ್ಯೂಸ್‌ಲೆಟರ್: ಉಚಿತ ಎಲ್ಲಿಯವರೆಗೆ, ಚಂದಾ ಎಲ್ಲಿಂದ

ಬಾಯ್ಲರ್‌ಗೆ ಹೋಗುವ ನೀರಿನ ಶುದ್ಧೀಕರಣದ ಬಗ್ಗೆ ನಾನು ತಿಂಗಳಿಗೆ ಎರಡು ಸಲ ನ್ಯೂಸ್‌ಲೆಟರ್ ಕಳಿಸುತ್ತೇನೆ. ಒಂದು ಭಾಗ ಎಲ್ಲರಿಗೂ, ಉಳಿದದ್ದು ಚಂದಾದಾರರಿಗೆ. ಇಷ್ಟು ಕಿರಿದಾದ ವಿಷಯದಲ್ಲಿ ಬೆಲೆ ಗೊತ್ತುಮಾಡುವುದಕ್ಕಿಂತ ಕಷ್ಟದ ಕೆಲಸ ಈ ಎರಡರ ನಡುವೆ ಗೆರೆ ಎಳೆಯುವುದು.

ಮೊದಲರ್ಧ ಉಚಿತ, ಕೊನೆಯರ್ಧ ಬೀಗದೊಳಗೆ ಎಂದು ಲೇಖನವನ್ನು ನಡುವೆ ಕತ್ತರಿಸಿದರೆ ಓದುಗರಿಗೆ ಸಿಟ್ಟು ಬರುತ್ತದೆ, ಚಂದಾ ಬರುವುದಿಲ್ಲ. ಸಮಸ್ಯೆಯನ್ನು ಗುರುತಿಸುವುದು ಹೇಗೆ, ಅದು ಯಾಕೆ ಬರುತ್ತದೆ ಎಂಬುದನ್ನು ನಾನು ಪೂರ್ತಿಯಾಗಿ ಉಚಿತವಾಗಿ ಕೊಡುತ್ತೇನೆ. ಓದುಗರು ತಮ್ಮ ಕಾರ್ಖಾನೆಯ ಅಂಕಿ ಹಾಕಿ ಉತ್ತರ ತೆಗೆಯುವ ಭಾಗಕ್ಕೆ ಮಾತ್ರ ಹಣ. ನಮ್ಮ ಓದುಗರು ಇಂಜಿನಿಯರ್‌ಗಳು. ನಾಳೆ ಬೆಳಿಗ್ಗೆ ತೆಗೆದುಕೊಳ್ಳಬೇಕಾದ ತೀರ್ಮಾನಕ್ಕೆ ಸಹಾಯವಾದರೆ ಅವರು ಹಣ ಕೊಡುತ್ತಾರೆ.

ನೀರಿನಲ್ಲಿ ಕರಗಿದ ಆಮ್ಲಜನಕದ ಸಂಚಿಕೆಯನ್ನೇ ನೋಡಿ. ಕೊಳವೆಯ ಒಳಗೋಡೆಯಲ್ಲಿ ಅಲ್ಲಲ್ಲಿ ಆಳವಾದ ಸಣ್ಣ ಗುಳಿಗಳು ಬಿದ್ದಿದ್ದರೆ, ಸುತ್ತಲಿನ ಲೋಹ ಚೆನ್ನಾಗಿಯೇ ಇದ್ದರೆ, ಮೊದಲು ಆಮ್ಲಜನಕವನ್ನು ಅನುಮಾನಿಸಬೇಕು. ಈ ವಿವರಣೆ, ಚಿತ್ರಗಳು, ಕಾರಣ ಎಲ್ಲವೂ ಉಚಿತ. ಚಂದಾದಾರರಿಗೆ ಹೋಗುವುದು ಲೆಕ್ಕದ ಹಾಳೆ. ಒಂದು ಪಾಲು ಆಮ್ಲಜನಕ ತೆಗೆಯಲು ಸುಮಾರು 8 ಪಾಲು ಸೋಡಿಯಂ ಸಲ್ಫೈಟ್ ಬೇಕು. ಗಂಟೆಗೆ 5 ಟನ್ ನೀರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗೆ ಹೋಗುತ್ತಿದ್ದರೆ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಅಂದರೆ ಗಂಟೆಗೆ 40 ಗ್ರಾಂ. ಅದಕ್ಕೆ 320 ಗ್ರಾಂ ಸಲ್ಫೈಟ್. ಅದೇ ನೀರನ್ನು ತೆರೆದ ತೊಟ್ಟಿಯಲ್ಲಿ 80 ಡಿಗ್ರಿಗೆ ಕಾಯಿಸಿದರೆ ಆಮ್ಲಜನಕ ಸುಮಾರು 3 ಮಿಲಿಗ್ರಾಂಗೆ ಇಳಿಯುತ್ತದೆ, ಸಲ್ಫೈಟ್ 120 ಗ್ರಾಂ ಸಾಕಾಗುತ್ತದೆ. ಬಾಯ್ಲರ್‌ನೊಳಗೆ ಉಳಿಸಿಕೊಳ್ಳಬೇಕಾದ ಹೆಚ್ಚುವರಿ ಪ್ರಮಾಣ ಮತ್ತು ಪುಡಿಯ ಶುದ್ಧತೆಗೆ ಹಾಳೆಯಲ್ಲಿ ಬೇರೆ ಖಾನೆಗಳಿವೆ. ರಾಸಾಯನಿಕ ಹೆಚ್ಚಿಸುವುದಾ, ನೀರು ಕಾಯಿಸುವುದಾ ಎಂಬ ಪ್ರಶ್ನೆಗೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಮಾರಾಟವಾಗುವುದು ಆ ಐದು ನಿಮಿಷ.

ಹಾಳೆಯನ್ನು ಇಮೇಲ್‌ಗೆ ಲಗತ್ತಿಸಬೇಡಿ. ಕಳಿಸಿದ ಇಮೇಲ್ ವಾಪಸ್ ಬರುವುದಿಲ್ಲ, ಒಂದು ಅಂಕಿ ತಪ್ಪಿದ್ದರೆ ತಪ್ಪು ಪ್ರತಿ ವರ್ಷಗಟ್ಟಲೆ ಯಾರದೋ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಚಂದಾದಾರರು ಲಾಗಿನ್ ಆಗಿ ತೆರೆಯುವ ಪುಟದಲ್ಲಿಟ್ಟು ಕೊಂಡಿ ಕೊಡಿ. ತಿದ್ದಿದ ದಿನಾಂಕವನ್ನು ಮೇಲ್ಗಡೆಯೇ ಬರೆಯಿರಿ, ಏನು ತಿದ್ದಿದಿರಿ ಎಂದು ಪ್ರತ್ಯೇಕ ಇಮೇಲ್ ಕಳಿಸಿ. ಇಮೇಲ್ ಚಿಕ್ಕದಾಗಿಯೂ ಇರುತ್ತದೆ. ಸುಮಾರು 102 ಕಿಲೋಬೈಟ್ ದಾಟಿದ ಸಂದೇಶದ ಕೊನೆಯನ್ನು ಜಿಮೇಲ್ ಮರೆಮಾಡುತ್ತದೆ, ಕೊಂಡಿ ಇರುವುದು ಹೆಚ್ಚಾಗಿ ಅಲ್ಲೇ.

ಇನ್ನು ಚಂದಾ. ನಮ್ಮಂಥ ವಿಷಯಕ್ಕೆ ತಿಂಗಳ ಚಂದಾ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಕಾದ ಹಾಳೆ ಇಳಿಸಿಕೊಂಡು ಮರುತಿಂಗಳೇ ಬಿಡುವುದು ಸುಲಭ. ತಿಂಗಳಿಗೆ ನೂರಕ್ಕೆ 5 ಜನ ಬಿಟ್ಟರೆ ಸಣ್ಣ ನಷ್ಟ ಅನಿಸುತ್ತದೆ, ಆದರೆ ವರ್ಷದ ಕೊನೆಗೆ 100 ಜನರಲ್ಲಿ ಉಳಿಯುವವರು 54 ಮಾತ್ರ. ಸಾಮಾನ್ಯ ವಿಷಯದವರಿಗೆ ಆ ಜಾಗ ತುಂಬಲು ಹೊಸ ಓದುಗರು ಸಿಗುತ್ತಾರೆ. ಜಗತ್ತಿನಲ್ಲಿ ಕೆಲವೇ ಸಾವಿರ ಜನರಿಗೆ ಬೇಕಾದ ವಿಷಯದಲ್ಲಿ ಆ ಕೊಳ ಬೇಗ ಬತ್ತುತ್ತದೆ. ಮೇಲಾಗಿ ಪಾವತಿ ಸಂಸ್ಥೆಗಳು ಪ್ರತಿ ವಹಿವಾಟಿಗೆ ನಿಗದಿತ ಶುಲ್ಕ ಹಿಡಿಯುವಲ್ಲಿ ತಿಂಗಳ ಚಂದಾದಲ್ಲಿ ಅದನ್ನು 12 ಸಲ ಕೊಡಬೇಕು, ವರ್ಷದ ಚಂದಾದಲ್ಲಿ ಒಂದೇ ಸಲ. ನಾನು ವರ್ಷದ ಚಂದಾ ಮಾತ್ರ ಇಟ್ಟಿದ್ದೇನೆ, ಹಿಂಜರಿಯುವವರಿಗಾಗಿ ಒಂದು ಪೂರ್ಣ ಸಂಚಿಕೆಯನ್ನು ಮಾದರಿಯಾಗಿ ತೆರೆದಿಟ್ಟಿದ್ದೇನೆ.

ಬಿಟ್ಟವರಲ್ಲಿ ಕೆಲವರು ಬೇಕೆಂದೇ ಬಿಟ್ಟವರಲ್ಲ. ಕಾರ್ಡಿನ ಅವಧಿ ಮುಗಿದು ನವೀಕರಣ ತಪ್ಪಿರುತ್ತದೆ. ಪಟ್ಟಿಯಲ್ಲಿ ಇವರನ್ನು ಬೇರೆಯಾಗಿ ನೋಡಿ, ಚಂದಾ ಮುಗಿಯುವ ಮೂರು ವಾರ ಮೊದಲೇ ನೆನಪಿಸಿ.

ಯಾವ ಸಂಚಿಕೆ ಕೆಲಸಕ್ಕೆ ಬಂತು ಎಂದು ತಿಳಿಯಲು ಎಷ್ಟು ಜನ ಇಮೇಲ್ ತೆರೆದರು ಎಂಬ ಅಂಕಿಯನ್ನು ನಂಬಬೇಡಿ. 2021ರಿಂದ ಆ್ಯಪಲ್‌ನ ಮೇಲ್ ಆ್ಯಪ್ ಚಿತ್ರಗಳನ್ನು ತಾನಾಗಿಯೇ ಮೊದಲೇ ಇಳಿಸಿಕೊಳ್ಳುತ್ತಿದೆ, ಹಾಗಾಗಿ ಓದದವರೂ ಓದಿದಂತೆ ಲೆಕ್ಕಕ್ಕೆ ಬರುತ್ತಾರೆ. ನಾನು ಎಣಿಸುವುದು ತಮ್ಮ ಅಂಕಿಗಳನ್ನು ಬರೆದು ಬಂದ ಉತ್ತರಗಳನ್ನು. "ನಮ್ಮಲ್ಲಿ ನೀರು 60 ಡಿಗ್ರಿ, ಲೆಕ್ಕ ಹೊಂದುತ್ತಿಲ್ಲ, ಯಾಕೆ ಸಾರ್?" ಎಂಬಂಥ ಮೂರು ಪತ್ರ ಬಂದರೆ ಮುಂದಿನ ಸಂಚಿಕೆಯ ವಿಷಯ ಅದೇ.