ಕಾರು ಮಾರುವ ಜಾಹೀರಾತಿನಲ್ಲಿ ತುಕ್ಕನ್ನೂ ಬರೆಯಿರಿ

ಮಲೆನಾಡಿನಲ್ಲಿ ಹಳೇ ಕಾರು ನೋಡಲು ಬಂದವರು ಮೊದಲು ಬಗ್ಗಿ ಅಡಿ ನೋಡುತ್ತಾರೆ. ನಾಲ್ಕು ತಿಂಗಳು ಮಳೆಯಲ್ಲಿ ನೆನೆದ ಗಾಡಿ ಅಲ್ವಾ? ಹಾಗಾಗಿ ‘ಸೂಪರ್ ಕಂಡೀಷನ್’ ಎಂದು ಬರೆದರೆ ಯಾರೂ ನಂಬುವುದಿಲ್ಲ. ತುಕ್ಕು ಎಲ್ಲಿದೆ, ಎಷ್ಟಿದೆ ಎಂದು ಬರೆದರೆ ಓದುವವರು ಫೋನ್ ಮಾಡುತ್ತಾರೆ.

ಬರೆಯುವ ಮುಂಚೆ ಕಾರು ತೊಳೆದು ಒಣಗಿಸಿ. ಬಾಗಿಲಿನ ಕೆಳಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಕೆಸರು, ಎಲೆ ಕೂತು ಅವು ಮುಚ್ಚಿಹೋದರೆ ತುಕ್ಕು ಒಳಗಿಂದಲೇ ಶುರುವಾಗುತ್ತದೆ. ಪೇಂಟ್ ಉಬ್ಬಿದ ಕಡೆ ಹೆಬ್ಬೆರಳಿನಿಂದ ಒತ್ತಿ. ಗಟ್ಟಿಯಾಗಿದ್ದರೆ ಬಹುಶಃ ಮೇಲ್ಪದರದ ತುಕ್ಕು. ಒಳಕ್ಕೆ ಕುಸಿದರೆ ತಗಡೇ ಹೋಗಿದೆ, ಟಿಂಕರಿಂಗ್ ಬೇಕು. ಎರಡೂ ಒಂದೇ ಅಲ್ಲ, ಯಾವುದೆಂದು ಬಿಡಿಸಿ ಬರೆಯಿರಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಹತ್ತಿರದಿಂದ ಫೋಟೋ ತೆಗೆದರೆ ಅಳತೆ ತಾನಾಗೇ ಗೊತ್ತಾಗುತ್ತದೆ.

ಆಮೇಲೆ ಕ್ಲಚ್. ಘಾಟಿ ಹತ್ತಿಳಿದ ಗಾಡಿಯಲ್ಲಿ ಇದು ಬೇಗ ಸವೆಯುತ್ತದೆ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ ಎಂದರ್ಥ. ಮೆಕ್ಯಾನಿಕ್ ಹತ್ತಿರ ಖರ್ಚು ಕೇಳಿಕೊಂಡು, ಬೆಲೆ ಹೇಳುವಾಗಲೇ ಅದನ್ನು ಕಳೆದುಬಿಡಿ.

ತೀರ್ಥಹಳ್ಳಿಯ ನಮ್ಮ ಮನೆಯ ವ್ಯಾಗನ್ಆರ್‌ಗೆ ನಾನು ಬರೆದದ್ದು ಹೀಗೆ:

“ವ್ಯಾಗನ್ಆರ್, ಪೆಟ್ರೋಲ್, 2014. ಶಿವಮೊಗ್ಗ ನೋಂದಣಿ, ಒಬ್ಬರೇ ಮಾಲೀಕರು. 82,000 ಕಿ.ಮೀ. ಎಡಗಡೆ ಹಿಂದಿನ ಬಾಗಿಲಿನ ಅಡಿಯಲ್ಲಿ ಅಂಗೈಯಗಲ ತುಕ್ಕು, ತಗಡು ಗಟ್ಟಿ ಇದೆ. ಮುಂದಿನ ಬಂಪರ್‌ಗೆ ಒಮ್ಮೆ ಪೇಂಟ್ ಆಗಿದೆ. ಏರಿನಲ್ಲಿ ಕ್ಲಚ್ ಜಾರುತ್ತದೆ, ಬದಲಿಸಬೇಕು, ಆ ಖರ್ಚು ಕಳೆದೇ ಬೆಲೆ ಹೇಳಿದ್ದೇನೆ. ಎಸಿ ಚೆನ್ನಾಗಿದೆ. ಸಾಲ ಇಲ್ಲ, ವಿಮೆ ಚಾಲ್ತಿಯಲ್ಲಿದೆ. ಭಾನುವಾರ ಬೆಳಿಗ್ಗೆ 8ಕ್ಕೆ ಬನ್ನಿ. ನೀವು ಬರುವವರೆಗೆ ಸ್ಟಾರ್ಟ್ ಮಾಡುವುದಿಲ್ಲ. ಏರು ರಸ್ತೆಯಲ್ಲಿ ನೀವೇ ಓಡಿಸಿ ನೋಡಿ. ಲೈಸೆನ್ಸ್ ತನ್ನಿ. ನಿಮ್ಮ ಮೆಕ್ಯಾನಿಕ್‌ನನ್ನೂ ಕರೆತನ್ನಿ.”

‘ಸ್ಟಾರ್ಟ್ ಮಾಡುವುದಿಲ್ಲ’ ಎಂಬ ಮಾತನ್ನು ಸುಮ್ನೆ ಹಾಕಿದ್ದಲ್ಲ. ಬಿಸಿ ಎಂಜಿನ್ ಎಷ್ಟೋ ದೋಷ ಮುಚ್ಚಿಡುತ್ತದೆ. ತಣ್ಣಗಿದ್ದಾಗ ಬ್ಯಾಟರಿಯ ಶಕ್ತಿ, ಹೊಗೆಯ ಬಣ್ಣ, ಮೊದಲ ಸದ್ದು ಎಲ್ಲವೂ ಬಯಲಾಗುತ್ತವೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದು ತಿಳಿಯಿರಿ. ಹಾಗಿದ್ದರೆ ಅದನ್ನೂ ಜಾಹೀರಾತಿನಲ್ಲೇ ಹೇಳಿ.

ವಿಮೆ ಮುಗಿದಿದ್ದರೆ ಯಾರಿಗೂ ಓಡಿಸಲು ಕೊಡಬೇಡಿ, ಮೊದಲು ಮಾಡಿಸಿ. ಟೆಸ್ಟ್ ಡ್ರೈವ್‌ನಲ್ಲಿ ಪಕ್ಕದ ಸೀಟಿನಲ್ಲಿ ನೀವೇ ಕೂತುಕೊಳ್ಳಿ. ನಮ್ಮಲ್ಲಿಗೆ ಹೊಸನಗರದಿಂದ ಬಂದವರು ನೇರ ಹೋಗಿ ಎಡಬಾಗಿಲಿನ ಅಡಿ ಒತ್ತಿ ನೋಡಿದರು. ಬರೆದಷ್ಟೇ ಇತ್ತು. ಎದ್ದು ನಿಂತು ಕೀ ಕೇಳಿದರು.