ಎಕ್ಸೆಲ್ ಟೈಮ್‌ಶೀಟ್‌ನಲ್ಲಿ 43 ಗಂಟೆ 19 ಆಗಿ ಕಂಡರೆ ಏನು ಮಾಡಬೇಕು?

ಐದು ದಿನದ ಕೆಲಸದ ಗಂಟೆಗಳನ್ನು ತುಂಬಿ ಕೆಳಗೆ SUM ಹಾಕಿದರೆ ಒಟ್ಟು 19:40 ಅಂತ ಬರುತ್ತದೆ. ದಿನಕ್ಕೆ ಎಂಟೊಂಬತ್ತು ಗಂಟೆ ದುಡಿದವರಿಗೆ ಇದು ತಪ್ಪು ಅಂತ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಹೆಚ್ಚಿನವರು ಫಾರ್ಮುಲಾವನ್ನೇ ಅಳಿಸಿ ಮತ್ತೆ ಬರೆಯಲು ಶುರು ಮಾಡುತ್ತಾರೆ. ಬೇಡ, ಫಾರ್ಮುಲಾ ಮುಟ್ಟಬೇಡಿ. ಲೆಕ್ಕ ಸರಿಯಾಗಿಯೇ ಇದೆ, ತೋರಿಸುವ ರೀತಿ ಮಾತ್ರ ತಪ್ಪು.

ಒಂದು ಉದಾಹರಣೆ ನೋಡೋಣ. B ಕಾಲಂನಲ್ಲಿ ಬಂದ ಸಮಯ, C ಯಲ್ಲಿ ಹೋದ ಸಮಯ, D ಯಲ್ಲಿ `=C2-B2`. ಇಷ್ಟು ಎಲ್ಲರಿಗೂ ಬರುತ್ತದೆ. D ಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ 8:30, 9:15, 8:45, 9:00, 8:10 ಇವೆ ಅಂದುಕೊಳ್ಳಿ. D7 ನಲ್ಲಿ ಒಟ್ಟು:

```
=SUM(D2:D6)
```

ಕೈಯಲ್ಲಿ ಕೂಡಿದರೆ 43 ಗಂಟೆ 40 ನಿಮಿಷ. ಎಕ್ಸೆಲ್ ತೋರಿಸುವುದು 19:40. ಅಂದರೆ ಸರಿಯಾಗಿ 24 ಗಂಟೆ ಕಾಣೆಯಾಗಿದೆ. ಎಕ್ಸೆಲ್‌ಗೆ ಒಂದು ಪೂರ್ತಿ ದಿನ ಅಂದರೆ 1, ಗಂಟೆಗಳೆಲ್ಲ ಅದರ ಭಾಗಗಳು. 43:40 ಅದರ ಒಳಗೆ 1.819444 ಆಗಿ ಕೂತಿರುತ್ತದೆ. ಆದರೆ ಸೆಲ್‌ಗೆ ಸಾಮಾನ್ಯವಾಗಿ ಸಿಗುವ h:mm ಫಾರ್ಮ್ಯಾಟ್ ಗೋಡೆ ಗಡಿಯಾರದ ಹಾಗೆ ಈಗ ಎಷ್ಟು ಹೊತ್ತು ಅಂತ ಮಾತ್ರ ಹೇಳುತ್ತದೆ, ಎಷ್ಟು ದಿನ ಕಳೆಯಿತು ಅಂತ ಹೇಳುವುದಿಲ್ಲ. ಹಾಗಾಗಿ ಮುಂದಿನ 1 ಬಿಟ್ಟುಹೋಗಿ ಉಳಿದ ಭಾಗ ಮಾತ್ರ ಕಾಣುತ್ತದೆ. ಒಟ್ಟು ಸರಿಯಾಗಿ 48 ಗಂಟೆ ಆದರಂತೂ 0:00 ಅಂತಲೇ ಬರುತ್ತದೆ!

ಈಗ ಸರಿಮಾಡುವುದು. D7 ಮೇಲೆ ನಿಂತು Ctrl+1 ಒತ್ತಿ. Number ಟ್ಯಾಬ್‌ನಲ್ಲಿ, ಎಡಗಡೆ ಪಟ್ಟಿಯ ಕೊನೆಯಲ್ಲಿರುವ Custom ಆರಿಸಿ. ಬಲಗಡೆ Type ಅನ್ನುವ ಜಾಗದಲ್ಲಿ ಇರುವುದನ್ನು ಪೂರ್ತಿ ಅಳಿಸಿ ಇದನ್ನು ಬರೆಯಿರಿ:

```
[h]:mm
```

ಎಡವುವುದು ಇಲ್ಲೇ. ಚೌಕ ಬ್ರಾಕೆಟ್ h ಸುತ್ತ ಮಾತ್ರ ಇರಬೇಕು. ಗುಂಡಗಿನ ಬ್ರಾಕೆಟ್ ಹಾಕಿದರೆ ಆಗುವುದಿಲ್ಲ, [h:mm] ಅಂತ ಪೂರ್ತಿ ಸುತ್ತಿದರೂ ಆಗುವುದಿಲ್ಲ. OK ಒತ್ತುವ ಮೊದಲೇ ಮೇಲಿನ Sample ನಲ್ಲಿ 43:40 ಕಾಣಬೇಕು. ಕಾಣದಿದ್ದರೆ ಬರೆದದ್ದರಲ್ಲೇ ಏನೋ ತಪ್ಪಿದೆ. ಬ್ರಾಕೆಟ್ ಬರೆಯುವ ರಗಳೆ ಬೇಡ ಅನ್ನುವವರು Time ಪಟ್ಟಿಯಲ್ಲಿ 37:30:55 ಅಂತ ಇರುವುದನ್ನು ಆರಿಸಬಹುದು. ಆದರೆ ಅದರಲ್ಲಿ ಸುಮ್ನೆ ಸೆಕೆಂಡುಗಳೂ ಬರುತ್ತವೆ, ನನಗಂತೂ ಇಷ್ಟವಿಲ್ಲ.

ಕೆಲವರು 19:40 ನೋಡಿ ಮನಸ್ಸಲ್ಲೇ 24 ಕೂಡಿ, 43:40 ಅಂತ ಕೈಯಲ್ಲಿ ಬರೆದುಬಿಡುತ್ತಾರೆ. ಇದನ್ನು ಮಾತ್ರ ಮಾಡಬೇಡಿ, ನಾಳೆ ಯಾರಾದರೂ ಬುಧವಾರದ ಸಮಯ ತಿದ್ದಿದರೆ ಒಟ್ಟು ಬದಲಾಗುವುದೇ ಇಲ್ಲ. ಎಲ್ಲಿಂದಲೋ ಇಳಿಸಿಕೊಂಡ ಉಚಿತ ಟೈಮ್‌ಶೀಟ್‌ಗಳನ್ನೂ ನಂಬಬೇಡಿ. ಒಟ್ಟಿನ ಸೆಲ್‌ನಲ್ಲಿ ಹಳೇ h:mm ಹಾಗೇ ಬಿಟ್ಟಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಬಳಸುವ ಮೊದಲು ದೊಡ್ಡ ಗಂಟೆಗಳನ್ನು ತುಂಬಿ ಪರೀಕ್ಷೆ ಮಾಡಿ.

ಮುಂದಿನದು ಸಂಬಳದ ಲೆಕ್ಕ, ಇದು ಇನ್ನೂ ಅಪಾಯ. ಗಂಟೆಗೆ 300 ದರ ಅಂತಿಟ್ಟುಕೊಂಡು `=D7*300` ಬರೆದರೆ 545.83 ಬರುತ್ತದೆ, ಯಾಕೆಂದರೆ ಗುಣಿಸಿದ್ದು 43.67 ಗಂಟೆಗಳನ್ನಲ್ಲ, 1.819444 ದಿನಗಳನ್ನು. ದಿನವನ್ನು ಗಂಟೆ ಮಾಡಲು 24 ರಿಂದ ಗುಣಿಸಲೇಬೇಕು:

```
=D7*24*300
```

ಈಗ 13100 ಬರುತ್ತದೆ. ಆ ಸೆಲ್ ಟೈಮ್ ಫಾರ್ಮ್ಯಾಟ್‌ನಲ್ಲಿ ಉಳಿದಿದ್ದರೆ ವಿಚಿತ್ರ ಸಮಯ ಕಾಣಬಹುದು. ಅದನ್ನು Number ಗೆ ಬದಲಾಯಿಸಿ ಅಷ್ಟೇ.

ಫಾರ್ಮ್ಯಾಟ್ ಸರಿಮಾಡಿದ ಮೇಲೂ ಒಟ್ಟು ಸರಿ ಬರಲಿಲ್ವಾ? ಹಾಗಾದರೆ ಗಂಟೆಗಳನ್ನು ಬರೆದ ರೀತಿ ನೋಡಿ. ನೇರವಾಗಿ D ಯಲ್ಲೇ ತುಂಬುವವರು 8:30 ಬದಲು 8.30 ಅಂತ ಚುಕ್ಕೆ ಇಟ್ಟರೆ ಎಕ್ಸೆಲ್ ಅದನ್ನು 8.3 ದಿನ ಅಂತ ತಿಳಿಯುತ್ತದೆ. h:mm ನಲ್ಲಿ ಅದು 7:12 ಅಂತ ಕಾಣುವುದರಿಂದ ಅನುಮಾನವೇ ಬರುವುದಿಲ್ಲ. [h]:mm ಹಾಕಿದರೆ 199:12 ಅಂತ ಕಣ್ಣಿಗೆ ರಾಚುತ್ತದೆ. ಇದಕ್ಕೇ ನಾನು ಒಟ್ಟಿನ ಸೆಲ್‌ಗೆ ಮಾತ್ರವಲ್ಲ, D ಕಾಲಂ ಪೂರ್ತಿಗೂ ಅದನ್ನೇ ಹಾಕಿ ಅನ್ನುವುದು. ಸೆಲ್‌ನ ಎಡಕ್ಕೆ ಅಂಟಿಕೊಂಡಿರುವ ಸಮಯಗಳನ್ನೂ ಗಮನಿಸಿ. ನೀವಾಗಿ ಎಡಕ್ಕೆ ಜೋಡಿಸಿಲ್ಲದಿದ್ದರೆ ಅವು ಬರೀ ಪಠ್ಯ, SUM ಅವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆ ಸೆಲ್‌ನ ಫಾರ್ಮ್ಯಾಟ್ ಬದಲಾಯಿಸಿದರೆ ಸಾಲದು, ಬದಲಾಯಿಸಿದ ಮೇಲೆ ಸಮಯವನ್ನು ಇನ್ನೊಮ್ಮೆ ಟೈಪ್ ಮಾಡಬೇಕು.